ಟೆಂಡರ್ ಷರತ್ತುಗಳನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ?

ಪತ್ರಿಕೆಯಲ್ಲೋ ಕೆಪಿಪಿಪಿ ಪೋರ್ಟಲ್‌ನಲ್ಲೋ ಕಾಣುವ ಟೆಂಡರ್ ಪ್ರಕಟಣೆಯಲ್ಲಿ ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಇಎಂಡಿ, ಕೊನೆಯ ದಿನಾಂಕ ಇಷ್ಟೇ ಇರುತ್ತವೆ. ಗುತ್ತಿಗೆದಾರನ ಭವಿಷ್ಯ ನಿರ್ಧಾರವಾಗುವುದು ಅದರ ಹಿಂದಿರುವ ಟೆಂಡರ್ ದಾಖಲೆಯಲ್ಲಿ. ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಕಾಯ್ದೆಯ ಅಡಿಯಲ್ಲಿ ಕಾಮಗಾರಿಗಳಿಗೆಂದು ಮಾದರಿ ದಾಖಲೆಗಳಿವೆ. ಅವುಗಳಲ್ಲಿ ಕೆಡಬ್ಲ್ಯು–4 ಎಂಬುದು ಮಧ್ಯಮ ಗಾತ್ರದ ಕೆಲಸಗಳಲ್ಲಿ ಮತ್ತೆಮತ್ತೆ ಎದುರಾಗುತ್ತದೆ. ಇಂಗ್ಲಿಷಿನಲ್ಲಿರುವ ಈ ಉದ್ದನೆಯ ದಾಖಲೆಯನ್ನು ಪೂರ್ತಿ ಓದಲು ಸಣ್ಣ ಗುತ್ತಿಗೆದಾರನಿಗೆ ಬಿಡುವಿರುವುದಿಲ್ಲ. ಓದಿಕೊಡುವ ಮಗಳೋ ಗುಮಾಸ್ತನೋ ಅದನ್ನು ಒಂದು ಪುಟಕ್ಕೆ ಇಳಿಸಬೇಕು. ಆ ಪುಟದಲ್ಲಿ ಏನಿರಬೇಕು ಎಂಬುದನ್ನು ಒಂದು ಕಲ್ಪಿತ ಟೆಂಡರ್ ಹಿಡಿದು ನೋಡೋಣ.

ಸರ್ಕಾರಿ ಪ್ರೌಢಶಾಲೆಯೊಂದರ ಕೊಠಡಿಗಳ ಕಟ್ಟಡ. ಅಂದಾಜು 80 ಲಕ್ಷ ರೂಪಾಯಿ, ಅವಧಿ 12 ತಿಂಗಳು. ಅರ್ಹತೆಯ ಭಾಗದಲ್ಲಿ ಮೊದಲು ಬರುವುದು ವಹಿವಾಟು. ವರ್ಷಕ್ಕೆ ಪಾವತಿಯಾಗಬಹುದಾದ ಮೊತ್ತದ ಎರಡು ಪಟ್ಟು, ಅಂದರೆ ಇಲ್ಲಿ 1 ಕೋಟಿ 60 ಲಕ್ಷ, ಕಳೆದ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಆಗಿರಬೇಕು ಎಂದು ಸಾಮಾನ್ಯವಾಗಿ ಕೇಳುತ್ತಾರೆ. ಸಿವಿಲ್ ಕಾಮಗಾರಿಯ ವಹಿವಾಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಸಿಮೆಂಟ್ ಅಂಗಡಿಯ ಮಾರಾಟವನ್ನು ಸೇರಿಸಿ ತಂದ ಲೆಕ್ಕಪರಿಶೋಧಕರ ಪ್ರಮಾಣಪತ್ರ ಇಲ್ಲಿ ಕೆಲಸಕ್ಕೆ ಬಾರದು.

ಎರಡನೆಯದು ಅನುಭವ. ಅಂದಾಜಿನ ಅರ್ಧದಷ್ಟು ಮೌಲ್ಯದ, ಅಂದರೆ 40 ಲಕ್ಷದ, ಇದೇ ಬಗೆಯ ಒಂದು ಕೆಲಸವನ್ನಾದರೂ ಮುಖ್ಯ ಗುತ್ತಿಗೆದಾರನಾಗಿ ಮುಗಿಸಿರಬೇಕು. ಸಾರಾಂಶ ಬರೆಯುವವರು ‘ಒಂದು’ ಎಂಬ ಪದಕ್ಕೆ ಅಡಿಗೆರೆ ಎಳೆಯಬೇಕು. 20 ಲಕ್ಷದ ಎರಡು ಕಟ್ಟಡಗಳು ಸೇರಿ 40 ಆಗುವುದಿಲ್ಲ. ರಸ್ತೆ ಕೆಲಸ ಎಷ್ಟೇ ದೊಡ್ಡದಿದ್ದರೂ ಕಟ್ಟಡಕ್ಕೆ ಸಾಟಿಯಲ್ಲ. ಬೇರೊಬ್ಬರ ಕೈಕೆಳಗೆ ಉಪಗುತ್ತಿಗೆ ಮಾಡಿದವನಿಗೂ ಈ ಬಾಗಿಲು ಮುಚ್ಚಿದೆ. ಊರಿನಲ್ಲಿ ನಿಜವಾಗಿ ಗೋಡೆ ಎಬ್ಬಿಸಿದವನು ಅವನೇ ಆಗಿದ್ದರೂ ಕಾಗದ ಇನ್ನೊಬ್ಬರ ಹೆಸರಿನಲ್ಲಿರುತ್ತದೆ. ಈ ಷರತ್ತು ನನಗೆ ಕಠಿಣವೆನಿಸುತ್ತದೆ, ಆದರೆ ದಾಖಲೆ ಹೇಳುವುದು ಅದನ್ನೇ. ಕೆಲಸ ಮುಗಿಸಿದ್ದಕ್ಕೆ ಕಾರ್ಯಪಾಲಕ ಎಂಜಿನಿಯರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪ್ರಮಾಣಪತ್ರ ಬೇಕು. ಸಹಾಯಕ ಎಂಜಿನಿಯರ್ ಸಹಿ ಸಾಲದು.

ಸಣ್ಣ ಗುತ್ತಿಗೆದಾರರು ಹೆಚ್ಚಾಗಿ ಎಡವುವುದು ಮೂರನೆಯದರಲ್ಲಿ, ಟೆಂಡರ್ ಸಾಮರ್ಥ್ಯದ ಲೆಕ್ಕದಲ್ಲಿ. ಸೂತ್ರ ಇದು:

```
A × N × 1.5 − B
```

A ಎಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೌಲ್ಯ. N ಈ ಕಾಮಗಾರಿಯ ಅವಧಿ, ವರ್ಷಗಳಲ್ಲಿ. B ಎಂದರೆ ಈಗಾಗಲೇ ಕೈಯಲ್ಲಿರುವ ಕೆಲಸಗಳಲ್ಲಿ ಆ ಅವಧಿಯೊಳಗೆ ಮುಗಿಸಬೇಕಾಗಿರುವ ಬಾಕಿ. ಬಂದ ಉತ್ತರ ಟೆಂಡರ್ ಮೊತ್ತಕ್ಕಿಂತ ಕಡಿಮೆಯಾಗಬಾರದು. ಗುಣಕ 1.5 ಎಲ್ಲೆಡೆ ಒಂದೇ ಅಲ್ಲ, ಕೆಲವು ಇಲಾಖೆಗಳ ದಾಖಲೆಯಲ್ಲಿ 2 ಇರುತ್ತದೆ. ಆದ್ದರಿಂದ ಹಳೆಯ ಟೆಂಡರ್‌ನ ಲೆಕ್ಕವನ್ನು ನಕಲು ಮಾಡಬಾರದು.

ನಮ್ಮ ಗುತ್ತಿಗೆದಾರನ ಅತ್ಯುತ್ತಮ ವರ್ಷ 1 ಕೋಟಿ 70 ಲಕ್ಷ ಎಂದಿಟ್ಟುಕೊಳ್ಳೋಣ. ಬೆಲೆ ಏರಿಕೆಯ ಹೊಂದಾಣಿಕೆಯನ್ನು ಸದ್ಯ ಬದಿಗಿಡೋಣ. ಒಂದು ವರ್ಷದ ಅವಧಿಗೆ ಅದರ ಒಂದೂವರೆ ಪಟ್ಟು 2 ಕೋಟಿ 55 ಲಕ್ಷ. ಅವನ ಕೈಯಲ್ಲಿರುವ ಎರಡು ಕೆಲಸಗಳ ಒಪ್ಪಂದದ ಮೊತ್ತ 1 ಕೋಟಿ 90 ಲಕ್ಷ. ಕಳೆದರೆ ಉಳಿದದ್ದು 65 ಲಕ್ಷ. 80 ಲಕ್ಷದ ಟೆಂಡರ್‌ಗೆ ಅವನು ಅನರ್ಹ. ವಹಿವಾಟೂ ಇದೆ, ಅನುಭವವೂ ಇದೆ, ಆದರೂ ಹೊರಗೆ.

ಈ ಹಂತದಲ್ಲಿ ಕೆಲವರು ಒಂದು ಕೆಲಸವನ್ನು ಪಟ್ಟಿಯಿಂದ ಬಿಟ್ಟುಬಿಡುತ್ತಾರೆ. ಅದರ ಅಗತ್ಯವೇ ಇಲ್ಲ. B ಎಂಬುದು ಒಪ್ಪಂದದ ಪೂರ್ಣ ಮೊತ್ತವಲ್ಲ, ಬಾಕಿ ಮಾತ್ರ. ಎರಡು ಕೆಲಸಗಳಲ್ಲಿ ಈಗಾಗಲೇ 20 ಲಕ್ಷದಷ್ಟು ಮುಗಿದು ಅಳತೆ ಪುಸ್ತಕದಲ್ಲಿ ದಾಖಲಾಗಿದ್ದರೆ ಬಾಕಿ 1 ಕೋಟಿ 70 ಲಕ್ಷ, ಸಾಮರ್ಥ್ಯ 85 ಲಕ್ಷ. ಅವನು ಅರ್ಹ. ಆದರೆ ಬಾಕಿ ಕೆಲಸದ ಪಟ್ಟಿಗೆ ಆಯಾ ಕಾಮಗಾರಿಯ ಉಸ್ತುವಾರಿ ಹೊತ್ತ ಕಾರ್ಯಪಾಲಕ ಎಂಜಿನಿಯರ್ ಮೇಲುಸಹಿ ಬೇಕು, ಅದಕ್ಕೆ ಕಚೇರಿಗೆ ಓಡಾಡಬೇಕು. ಹೀಗಾಗಿ ಸಾರಾಂಶದ ಪುಟದಲ್ಲಿ ಟೆಂಡರ್‌ನ ಕೊನೆಯ ದಿನಾಂಕದ ಮೇಲೆಯೇ ಈ ಸಹಿ ಪಡೆಯಲು ಹೊರಡಬೇಕಾದ ದಿನವನ್ನೂ ಬರೆದಿಡಬೇಕು.

ಇನ್ನು ಇಎಂಡಿ. ಪ್ರಕಟಣೆಯಲ್ಲಿ ಶೇಕಡ 2 ಎಂದಿದ್ದರೆ ಇಲ್ಲಿ 1 ಲಕ್ಷ 60 ಸಾವಿರ. ಸಣ್ಣ ಉದ್ಯಮದ ಉದ್ಯಮ್ ನೋಂದಣಿ ಇದ್ದರೆ ಇಎಂಡಿ ಬೇಡ ಎಂದು ಹಲವರು ನಂಬಿದ್ದಾರೆ. ಕೇಂದ್ರದ ಆ ರಿಯಾಯಿತಿ ಸರಕು ಮತ್ತು ಸೇವೆಗಳ ಖರೀದಿಗೆ ಸಂಬಂಧಿಸಿದ್ದು, ಕಟ್ಟಡ ಕಾಮಗಾರಿಗೆ ತಾನಾಗಿ ಅನ್ವಯಿಸುವುದಿಲ್ಲ. ವಿನಾಯಿತಿ ಇದೆಯೆಂದು ಟೆಂಡರ್ ದಾಖಲೆಯಲ್ಲೇ ಬರೆದಿದ್ದರೆ ಮಾತ್ರ ನಂಬಬೇಕು.

ಕೆಲಸ ಸಿಗದಿದ್ದರೆ ಈ ಹಣ ವಾಪಸು ಬರುತ್ತದೆ. ಮುಟ್ಟುಗೋಲಾಗುವ ಸಂದರ್ಭಗಳು ಮೂರೇ: ಟೆಂಡರ್ ತೆರೆದ ಮೇಲೆ, ಅದರ ಸಿಂಧುತ್ವದ ಅವಧಿಯೊಳಗೆ ಹಿಂದೆ ಸರಿಯುವುದು, ಲೆಕ್ಕದ ತಪ್ಪನ್ನು ಇಲಾಖೆ ತಿದ್ದಿದಾಗ ಒಪ್ಪದಿರುವುದು, ಕೆಲಸ ಸಿಕ್ಕ ಮೇಲೆ ಭದ್ರತಾ ಠೇವಣಿ ಕಟ್ಟದೆ ಅಥವಾ ಕರಾರಿಗೆ ಸಹಿ ಹಾಕದೆ ಉಳಿಯುವುದು. ಎರಡನೆಯದಕ್ಕೆ ಒಂದು ವಿವರ ಬೇಕು. ಒಂದು ಬಾಬಿನ ದರವನ್ನು ಅಂಕಿಯಲ್ಲಿ 450 ಎಂದೂ ಅಕ್ಷರದಲ್ಲಿ ‘ನಾನೂರ ಐದು’ ಎಂದೂ ಬರೆದಿದ್ದರೆ ಅಕ್ಷರದ್ದೇ ಊರ್ಜಿತ. ಪ್ರತಿ ಘಟಕದ ದರಕ್ಕೂ ಒಟ್ಟು ಮೊತ್ತಕ್ಕೂ ಹೊಂದಿಕೆಯಾಗದಿದ್ದರೆ ಘಟಕದ ದರ ಗೆಲ್ಲುತ್ತದೆ. ಆ ತಿದ್ದುಪಡಿಯಿಂದ ನಷ್ಟವಾಗುತ್ತದೆಂದು ಹಿಂದೆ ಸರಿದರೆ 1 ಲಕ್ಷ 60 ಸಾವಿರ ಹೋಯಿತು. ಅದೇ ಇಲಾಖೆ ಸಿಂಧುತ್ವದ ಅವಧಿಯನ್ನು ವಿಸ್ತರಿಸಲು ಕೇಳಿದಾಗ ಒಪ್ಪದಿದ್ದರೆ ಹಣಕ್ಕೆ ಧಕ್ಕೆಯಿಲ್ಲ.

ಮೂರನೆಯ ಸಂದರ್ಭಕ್ಕೆ ಮೊದಲೇ ಹಣ ಹೊಂದಿಸಿಕೊಂಡಿರಬೇಕು. ಒಪ್ಪಿಗೆ ಪತ್ರ ಬಂದ 20 ದಿನಗಳಲ್ಲಿ ಕರಾರಿನ ಮೊತ್ತದ ಶೇಕಡ 5ರಷ್ಟು ಭದ್ರತೆ ಕೊಡಬೇಕೆಂಬುದು ಮಾದರಿ ದಾಖಲೆಯ ಷರತ್ತು. 80 ಲಕ್ಷಕ್ಕೆ ಅದು 4 ಲಕ್ಷ. ಪೈಪೋಟಿಯಲ್ಲಿ ದರವನ್ನು ತೀರಾ ಇಳಿಸಿದವರಿಂದ ಹೆಚ್ಚುವರಿ ಭದ್ರತೆ ಕೇಳಲೂ ಅವಕಾಶವಿದೆ.

ಕೊನೆಗೆ ಅನರ್ಹತೆ. ಇದನ್ನು ತಿರಸ್ಕಾರದಿಂದ ಬೇರೆಯಾಗಿ ಬರೆಯಬೇಕು. ಒಂದು ಪ್ರಮಾಣಪತ್ರ ಲಗತ್ತಿಸಲು ಮರೆತರೆ ತಾಂತ್ರಿಕ ಲಕೋಟೆಯ ಹಂತದಲ್ಲೇ ಟೆಂಡರ್ ತಿರಸ್ಕೃತವಾಗಬಹುದು, ದರದ ಲಕೋಟೆ ತೆರೆಯುವುದೇ ಇಲ್ಲ. ಆದರೆ ಇಎಂಡಿ ಮರಳುತ್ತದೆ, ಮುಂದಿನ ಟೆಂಡರ್‌ಗೆ ಅಡ್ಡಿಯಿಲ್ಲ. ಅನರ್ಹತೆಯ ಷರತ್ತು ಬೇರೆಯೇ ಮಾತು: ಎಲ್ಲ ಅರ್ಹತೆಗಳಿದ್ದರೂ ಸುಳ್ಳು ಅಥವಾ ದಾರಿತಪ್ಪಿಸುವ ಹೇಳಿಕೆ ಕೊಟ್ಟವರನ್ನು, ಹಿಂದೆ ಕೆಲಸ ಅರ್ಧಕ್ಕೆ ಬಿಟ್ಟವರನ್ನು, ವಿಪರೀತ ತಡಮಾಡಿದವರನ್ನು, ವ್ಯಾಜ್ಯದ ಅಥವಾ ಹಣಕಾಸಿನ ವೈಫಲ್ಯದ ಚರಿತ್ರೆಯಿರುವವರನ್ನು ಹೊರಗಿಡಬಹುದು. ಪಟ್ಟಿಯಿಂದ ಬಿಟ್ಟ ಆ ಒಂದು ಕೆಲಸ ಇಲ್ಲಿ ಸುಳ್ಳು ಹೇಳಿಕೆಯಾಗುತ್ತದೆ. ಅದನ್ನು ಪತ್ತೆಹಚ್ಚುವುದು ಕಷ್ಟವೂ ಅಲ್ಲ, ಪ್ರತಿಸ್ಪರ್ಧಿಯೊಬ್ಬ ದೂರು ಕೊಟ್ಟರೆ ಸಾಕು. ಕಪ್ಪುಪಟ್ಟಿಗೆ ಸೇರುವ ಅಪಾಯವೂ ಅದರ ಹಿಂದೆಯೇ ಬರುತ್ತದೆ.

ಹೀಗೆ ನಮ್ಮ ಪುಟ ತಯಾರಾಯಿತು: “ಸಾಮರ್ಥ್ಯ 85 ಲಕ್ಷ, ಬಾಕಿ ಪಟ್ಟಿಗೆ ಮೇಲುಸಹಿ ಸಿಕ್ಕರೆ ಮಾತ್ರ. 40 ಲಕ್ಷದ ಒಂದೇ ಕಟ್ಟಡದ ಪ್ರಮಾಣಪತ್ರ ಲಗತ್ತಿಸಬೇಕು. ಇಎಂಡಿ 1.6 ಲಕ್ಷ, ತೆರೆದ ಮೇಲೆ ಹಿಂದೆ ಸರಿದರೆ ಹೋಗುತ್ತದೆ. ಗೆದ್ದರೆ 20 ದಿನಗಳಲ್ಲಿ 4 ಲಕ್ಷ. ಕೈಯಲ್ಲಿರುವ ಪ್ರತಿ ಕೆಲಸವೂ ಪಟ್ಟಿಯಲ್ಲಿರಬೇಕು.” ಪ್ರತಿ ಸಾಲಿನ ಮುಂದೆ ಮೂಲ ದಾಖಲೆಯ ಷರತ್ತಿನ ಸಂಖ್ಯೆ ಬರೆಯಿರಿ. ಪೋರ್ಟಲ್‌ನಲ್ಲಿ ತಿದ್ದುಪಡಿ ಪ್ರಕಟವಾದರೆ ಯಾವ ಸಾಲು ಬದಲಾಯಿತೆಂದು ಕೂಡಲೇ ತಿಳಿಯುತ್ತದೆ. ಟೆಂಡರ್ ಅಂಗೀಕಾರದ ಆದೇಶದಿಂದ ಅನ್ಯಾಯವಾಗಿದೆ ಎನಿಸಿದರೆ ಕಾಯ್ದೆಯ 16ನೇ ಪ್ರಕರಣದಂತೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆ ಮೇಲ್ಮನವಿ ಬರೆಯಲು ಕೂತಾಗಲೂ ಮೊದಲು ಬೇಕಾಗುವುದು ಆ ಷರತ್ತಿನ ಸಂಖ್ಯೆಗಳೇ.