ಬಣ್ಣ ಬದಲಿಸಿದರೆ ಹೊಸ ನಾಯಕ ಹುಟ್ಟುವುದಿಲ್ಲ

1939ರಲ್ಲಿ ಅಮೆರಿಕದಲ್ಲಿ ‘ವಂಡರ್ ಮ್ಯಾನ್’ ಎಂಬ ಕಾಮಿಕ್ಸ್ ನಾಯಕ ಕಾಣಿಸಿಕೊಂಡ. ಸೂಪರ್‌ಮ್ಯಾನ್ ಓದುಗರ ಕೈ ಸೇರಿ ಆಗ ಸುಮಾರು ಒಂದು ವರ್ಷವಾಗಿತ್ತು. ಹೊಸಬನ ಹೆಸರೇ ಬೇರೆ, ಆದರೂ ಸೂಪರ್‌ಮ್ಯಾನ್ ಪ್ರಕಾಶಕರು ಕೋರ್ಟಿಗೆ ಹೋದರು, 1940ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಇಬ್ಬರೂ ಸಾಮಾನ್ಯ ಬಟ್ಟೆಯೊಳಗೆ ತಮ್ಮ ಬಲವನ್ನು ಬಚ್ಚಿಟ್ಟುಕೊಳ್ಳುತ್ತಾರೆ. ಮೈಗೆ ಅಂಟಿದ ಉಡುಪಿನಲ್ಲಿ ಹೊರಬರುತ್ತಾರೆ. ಗುಂಡು ತಗುಲಿದರೆ ಸಿಡಿದು ಹೋಗುತ್ತದೆ. ಪಿಸ್ತೂಲನ್ನು ಮುಷ್ಟಿಯಲ್ಲೇ ಹಿಸುಕುತ್ತಾರೆ. ಒಬ್ಬನದು ನೀಲಿ ಉಡುಪು, ಇನ್ನೊಬ್ಬನದು ಕೆಂಪು. ಅದನ್ನು ಬಿಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸ ನ್ಯಾಯಾಲಯಕ್ಕೆ ಕಾಣಲಿಲ್ಲ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು: ದೀನರಿಗೆ ನೆರವಾಗುವ ಮಹಾಬಲಶಾಲಿ ಎಂಬ ಕಲ್ಪನೆ ಯಾರೊಬ್ಬರ ಸ್ವತ್ತೂ ಅಲ್ಲ.

ಇಷ್ಟವಾದ ಕಥಾಲೋಕದಿಂದ ಪ್ರೇರಣೆ ಪಡೆದು ಸ್ವಂತ ಪಾತ್ರ ಕಟ್ಟಲು ಹೊರಟವರು ಈ ಎರಡು ಮಾತನ್ನೂ ಜೊತೆಗಿಟ್ಟುಕೊಂಡು ಓದಬೇಕು. ಮೂಲದ ಹೆಸರು ಬಿಟ್ಟರೆ ಸಾಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸಾಲದು. ನಮ್ಮಲ್ಲೂ 1997ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ‘ನಾಗರಾಜ್’ ಮತ್ತು ‘ನಾಗೇಶ್’ ಎಂಬ ಕಾಮಿಕ್ಸ್ ಪಾತ್ರಗಳ ವ್ಯಾಜ್ಯ ಬಂದಿತ್ತು. ಹಾವಿನ ಮೈಯಂತೆ ತೋರುವ ಹಸಿರು ಉಡುಪು, ಹಾವಿನಂಥ ಸೊಂಟಪಟ್ಟಿ ಇವೆಲ್ಲ ಒಟ್ಟಾಗಿ ಒಂದೇ ರೂಪ ಕೊಡುತ್ತಿದ್ದುದರಿಂದ ‘ನಾಗೇಶ್’ ವಿರುದ್ಧ ತಡೆಯಾಜ್ಞೆ ಬಂತು.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ 1981ರಲ್ಲಿ ಶುರುವಾದ ‘ದಿ ಗ್ರೇಟೆಸ್ಟ್ ಅಮೆರಿಕನ್ ಹೀರೊ’ ಎಂಬ ಅಮೆರಿಕನ್ ಟಿವಿ ಧಾರಾವಾಹಿ. ಅದರ ನಾಯಕನೂ ಮೈಗಂಟಿದ ಉಡುಪು ತೊಟ್ಟು, ಬೆನ್ನಿಗೆ ಹೊದಿಕೆ ಕಟ್ಟಿ ಹಾರುತ್ತಾನೆ. ಆದರೆ ಅವನೊಬ್ಬ ಶಾಲಾ ಮೇಷ್ಟ್ರು. ಅನ್ಯಗ್ರಹದವರು ಕೊಟ್ಟ ಉಡುಪಿನ ಕೈಪಿಡಿಯನ್ನು ಕಳೆದುಕೊಂಡಿದ್ದಾನೆ. ಹಾರಲು ಹೆದರುತ್ತಾನೆ, ಇಳಿಯುವಾಗ ಮುಗ್ಗರಿಸುತ್ತಾನೆ. ಸೂಪರ್‌ಮ್ಯಾನ್ ಹಕ್ಕುದಾರರು ಹೂಡಿದ ದಾವೆ 1983ರಲ್ಲಿ ಬಿದ್ದುಹೋಯಿತು. ಶಕ್ತಿಗಳು ಹೋಲಿದರೂ ಆ ಶಕ್ತಿಯನ್ನು ಹೊತ್ತ ಮನುಷ್ಯ ಬೇರೆಯೇ ಆಗಿದ್ದ. ಪಾತ್ರವನ್ನು ಬೇರೆಯಾಗಿಸುವುದು ಸ್ವಭಾವ ಮತ್ತು ಬದುಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಹಾಗಾದರೆ ಕೆಲಸ ಎಲ್ಲಿಂದ ಶುರುವಾಗಬೇಕು? ಮೂಲದಲ್ಲಿ ನನ್ನನ್ನು ಹಿಡಿದದ್ದು ಏನು ಎಂದು ಕೇಳಿಕೊಳ್ಳುವುದರಿಂದ. ಸೂಪರ್‌ಮ್ಯಾನ್‌ನಲ್ಲಿ ನನಗೆ ಇಷ್ಟವಾದದ್ದು ಹಾರಾಟವಲ್ಲ, ಬಲವಿದ್ದೂ ಇಲ್ಲದಂತೆ ಬದುಕುವ ಸಂಯಮ. ಅಷ್ಟನ್ನೇ ಇಟ್ಟುಕೊಂಡು ಎದೆಯ ಲಾಂಛನ, ಕೆಂಪು ಹೊದಿಕೆ, ನಾಶವಾದ ಗ್ರಹ, ಕನ್ನಡಕದ ವರದಿಗಾರ, ಬಲ ಕುಂದಿಸುವ ಕಲ್ಲು ಎಲ್ಲವನ್ನೂ ಬಿಟ್ಟುಬಿಡುತ್ತೇನೆ. ಆಮೇಲೆ ಕೇಳಬೇಕಾದ ಪ್ರಶ್ನೆ: ನಮ್ಮ ನಡುವೆ ಒಬ್ಬರು ಬಲವನ್ನು ಏಕೆ ಬಚ್ಚಿಡುತ್ತಾರೆ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸುವ ಫಕೀರವ್ವ ಎಂಬ ಹೆಂಗಸನ್ನು ಕಲ್ಪಿಸಿಕೊಳ್ಳೋಣ. ಒಂದು ಲಾರಿ ಚೀಲವನ್ನು ಅವಳೊಬ್ಬಳೇ ಇಳಿಸಬಲ್ಲಳು. ಆದರೆ ಇಳಿಸಿದರೆ ಹತ್ತು ಹಮಾಲರ ಅಂದಿನ ಕೂಲಿ ಹೋಗುತ್ತದೆ. ಅದಕ್ಕೇ ಸುಮ್ಮನಿರುತ್ತಾಳೆ. ಇಲ್ಲಿ ಗುಟ್ಟಿಗೆ ಸ್ವಂತ ಕಾರಣ ಸಿಕ್ಕಿತು. ಉಡುಪೂ ಅಲ್ಲಿಂದಲೇ ಬರುತ್ತದೆ. ಖಾರ ತಾಗದಿರಲೆಂದು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಘಾಟಿಗೆ ಮೂಗು ಬಾಯಿ ಮುಚ್ಚಿದ ಬಟ್ಟೆ. ಮುಖ ಮರೆಮಾಡಲು ಬೇರೆ ಮುಸುಕು ಬೇಡ. ಬಲಕ್ಕೆ ಮಿತಿಯನ್ನೂ ಹಾಕಬೇಕು: ಅವಳ ಮೈ ಕಬ್ಬಿಣವಲ್ಲ. ಭಾರ ಎತ್ತಿದ ಮರುದಿನ ಬೆರಳು ಮಡಚದೆ ತೊಟ್ಟು ಬಿಡಿಸಲಾಗುವುದಿಲ್ಲ, ಅವಳ ಕೂಲಿಯೇ ತಪ್ಪುತ್ತದೆ.

ಬರೆದದ್ದನ್ನು ಮೂಲ ಚೆನ್ನಾಗಿ ಬಲ್ಲವರಿಗೆ ಓದಲು ಕೊಡಿ, ಪ್ರೇರಣೆ ಯಾವುದೆಂದು ಹೇಳಬೇಡಿ. “ಬಲವನ್ನು ಬಚ್ಚಿಡುವವರ ಕಥೆ” ಎಂದರೆ ಚಿಂತೆಯಿಲ್ಲ. ಉಡುಪಿನ ಸಾಲು ಓದುತ್ತಲೇ ಆ ನಾಯಕನ ಹೆಸರು ಹೇಳಿದರೆ ಮತ್ತೆ ಮೊದಲಿಂದ ಬರೆಯಬೇಕು. ಒಂದೊಂದು ಗುರುತು ಬಿಡಿಬಿಡಿಯಾಗಿ ನಿರಪಾಯವಾಗಿದ್ದು, ಐದಾರು ಸೇರಿದಾಗ ಹಳೆಯ ಮುಖವೇ ಎದ್ದು ಬರುವುದೂ ಉಂಟು. ಎಷ್ಟು ಹೋಲಿಕೆ ಸಲ್ಲುತ್ತದೆ ಎಂಬುದಕ್ಕೆ ಕಾನೂನಿನಲ್ಲಿ ಅಳತೆಗೋಲಿಲ್ಲ. ಅನುಮಾನ ಉಳಿದರೆ ಅಚ್ಚಿಗೆ ಕೊಡುವ ಮೊದಲು ವಕೀಲರಿಗೆ ತೋರಿಸುವುದು ಒಳ್ಳೆಯದು.

ಇಷ್ಟಾದರೂ ನಕಲು ಹಿಂಬಾಗಿಲಿನಿಂದ ಬರುವ ಜಾಗ ಇನ್ನೊಂದಿದೆ, ಅದು ಚಿತ್ರ ಬರೆಸುವ ಹಂತ. “ಅವನ ಥರ ಇರಲಿ” ಎಂದು ಕಲಾವಿದರಿಗೆ ಒಂದು ಮಾತು ಹೇಳಿದರೆ ಸಾಕು, ಬರಹದಲ್ಲಿ ಬಿಟ್ಟ ಹೊದಿಕೆಯೂ ಲಾಂಛನವೂ ಚಿತ್ರದಲ್ಲಿ ಹಾಜರಾಗುತ್ತವೆ. ಅವರ ಕೈಗೆ ಫಕೀರವ್ವನ ವಯಸ್ಸು, ಕೂರುವ ಭಂಗಿ, ತೊಳೆದು ಮಾಸಿದ ಅಂಗಿ, ಮೆಣಸಿನಕಾಯಿಯಿಂದ ಕೆಂಪಾದ ಬೆರಳುಗಳ ವಿವರ ಕೊಡಿ. ಮೂಲದ ಚಿತ್ರ ಮಾತ್ರ ಕೊಡಬೇಡಿ.