599 ರೂಪಾಯಿಯ ರೈಲು, 269 ರೂಪಾಯಿಯ ಪಾವತಿ

ನಮ್ಮ ಕ್ಲಾಸಿನ ಗೆಳೆಯನೊಬ್ಬನ ಮಾವ ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುತ್ತಾರೆ. ಆಲೆಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕಳೆದ ವರ್ಷ ಅವರು ಒಂದು ಎಂಜಿನ್, ಎರಡು ಡಬ್ಬಿಯ ಪುಟ್ಟ ರೈಲನ್ನು ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ 599 ರೂಪಾಯಿಗೆ ಹಾಕಿದರು. ಹದಿನಾಲ್ಕು ಹೋದವು. ಖುಷಿಯಾಗಿ ಬ್ಯಾಂಕ್ ಪಾಸ್‌ಬುಕ್ ನೋಡಿದರೆ ಒಂದೊಂದಕ್ಕೂ ಬಂದಿದ್ದು 269 ರೂಪಾಯಿ. "ಏನ್ರಪ್ಪಾ, ಇಂಜಿನಿಯರಿಂಗ್ ಓದ್ತಿದ್ದೀರ, ಮಿಕ್ಕಿದ್ದು ಎಲ್ಲೋಯ್ತು ಅಂತ ಸ್ವಲ್ಪ ನೋಡಿ ಹೇಳಿ" ಅಂದರು. ಒಂದು ಭಾನುವಾರ ನಾವು ಮೂವರು ಅವರ ಅಂಗಳದಲ್ಲಿ ಕೂತು ಪಾವತಿಯ ವರದಿ ಬಿಡಿಸಿದೆವು.

ಕಮಿಷನ್ ಅಂತ ಶೇ. 10, ಅಂದರೆ 60 ರೂ. ಪ್ರತಿ ಆರ್ಡರಿಗೆ ನಿಗದಿ ಶುಲ್ಕ 25 ರೂ. ಇವೆರಡೂ ಮೊದಲೇ ಗೊತ್ತಿದ್ದವು. ಗೊತ್ತಿಲ್ಲದ್ದು ಸಾಗಣೆಯ 195 ರೂಪಾಯಿ. ಈ ಮೂರೂ ಸೇರಿದ 280ರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಒಟ್ಟು ಕಡಿತ 330. ರೈಲು ಮಾಡುವುದಕ್ಕೆ ಮರ, ಅರಗು, ಕೂಲಿ ಎಲ್ಲಾ ಹಿಡಿದು 260 ರೂ., ಪೆಟ್ಟಿಗೆಗೆ 25. ಅಲ್ಲಿಗೆ ಪ್ರತಿ ರೈಲಿಗೂ ಕೈಯಿಂದ 16 ರೂಪಾಯಿ ಹೋಗಿತ್ತು. ಹದಿನಾಲ್ಕು ಮಾರಿದ್ದಕ್ಕೆ ಹದಿನಾಲ್ಕು ಸಲ ನಷ್ಟ.

ಅರ್ಧ ಕೆಜಿಗಿಂತ ಕಡಿಮೆ ತೂಗುವ ಗೊಂಬೆಗೆ 195 ಯಾಕೆ? ಕೊರಿಯರಿನವರು ಎರಡು ತೂಕ ನೋಡುತ್ತಾರೆ. ಒಂದು ತಕ್ಕಡಿಯ ತೂಕ, ಇನ್ನೊಂದು ಪೆಟ್ಟಿಗೆ ವ್ಯಾನಿನಲ್ಲಿ ಹಿಡಿಯುವ ಜಾಗಕ್ಕೆ ಕಟ್ಟುವ ತೂಕ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಕೆಜಿಯಲ್ಲಿ ಉತ್ತರ ಬರುತ್ತದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಮಾವ ಪೇಟೆಯಲ್ಲಿ ಸಿಕ್ಕಿದ ಒಂದೇ ಅಳತೆಯ ಪೆಟ್ಟಿಗೆ ಎಲ್ಲ ಗೊಂಬೆಗೂ ಬಳಸುತ್ತಿದ್ದರು:

30 × 20 × 15 ÷ 5000 = 1.8 ಕೆಜಿ

ಲೆಕ್ಕ ಅರ್ಧರ್ಧ ಕೆಜಿಯ ಹಂತದಲ್ಲಿ ನಡೆಯುವುದರಿಂದ ಇದು 2 ಕೆಜಿ ಆಗುತ್ತದೆ. ಅವರ ದರಪಟ್ಟಿಯಲ್ಲಿ ಮೊದಲ ಅರ್ಧ ಕೆಜಿಗೆ 75, ಆಮೇಲಿನ ಪ್ರತಿ ಅರ್ಧಕ್ಕೆ 40. ಅಂದರೆ 75 ಜೊತೆಗೆ 120. ನಿಜವಾಗಿ ಸಾಗಿಸಿದ್ದು ಪೆಟ್ಟಿಗೆಯೊಳಗಿನ ಗಾಳಿಯನ್ನು.

ಕೊಂಡಿ ಜೋಡಿಸಿ ಸಾಲಾಗಿ ಮಲಗಿಸಿದರೆ ರೈಲು 26 × 11 × 7 ಪೆಟ್ಟಿಗೆಯಲ್ಲಿ ಸುತ್ತುಕಾಗದದ ಸಮೇತ ಕೂರುತ್ತದೆ. ಗುಣಿಸಿ ಭಾಗಿಸಿದರೆ 0.4 ಕೆಜಿ, ತಕ್ಕಡಿಯಲ್ಲಿ 480 ಗ್ರಾಂ. ಎರಡೂ ಅರ್ಧ ಕೆಜಿಯೊಳಗೆ. ಈಗ ಕಡಿತ 60, 25, 75, ಮೇಲೆ ಜಿಎಸ್‌ಟಿ, ಒಟ್ಟು 189. ಕೈಗೆ 410. ಅದರಲ್ಲಿ ಗೊಂಬೆ, ಪೆಟ್ಟಿಗೆ ಕಳೆದರೆ ರೈಲಿಗೆ 125 ರೂಪಾಯಿ ಲಾಭ. ಬೆಲೆ ಒಂದು ರೂಪಾಯಿಯೂ ಏರಿಸಿಲ್ಲ.

ಒಂದು ಎಚ್ಚರಿಕೆ. ಕೊರಿಯರಿನ ಗೋದಾಮಿನಲ್ಲಿ ಅಳೆಯುವುದು ಯಂತ್ರ, ಅದು ಅತಿ ಉಬ್ಬಿದ ಜಾಗವನ್ನೇ ಹಿಡಿಯುತ್ತದೆ. ಮುಚ್ಚಳ ಎರಡು ಸೆಂಟಿಮೀಟರ್ ಉಬ್ಬಿದರೆ 26 × 11 × 9, ಅಂದರೆ 0.51 ಕೆಜಿ. ಮುಂದಿನ ಹಂತಕ್ಕೆ ಬಿತ್ತು, ತೆರಿಗೆ ಸೇರಿ 47 ರೂಪಾಯಿ ಹೋಯ್ತು. ಹಾಗಾಗಿ ಪ್ರತಿ ಪೆಟ್ಟಿಗೆಯನ್ನೂ ತಕ್ಕಡಿ ಮೇಲಿಟ್ಟು, ಪಕ್ಕದಲ್ಲಿ ಟೇಪು ಹಿಡಿದು, ವಿಳಾಸದ ಚೀಟಿ ಕಾಣುವ ಹಾಗೆ ಫೋಟೋ ತೆಗೆದಿಡಬೇಕು. ತೂಕದ ತಕರಾರು ಬಂದಾಗ ಅದೊಂದೇ ಸಾಕ್ಷಿ.

ಹೊರರಾಜ್ಯಕ್ಕೆ ಮಾವ ಇನ್ನೂ ಕಳಿಸುತ್ತಿಲ್ಲ. ವಹಿವಾಟು ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆ, ಬರೀ ಒಂದು ದಾಖಲಾತಿ ಸಂಖ್ಯೆ ಪಡೆದು ತಮ್ಮ ರಾಜ್ಯದೊಳಗೆ ಆನ್‌ಲೈನ್ ಮಾರಲು 2023ರ ಅಕ್ಟೋಬರ್‌ನಿಂದ ಅವಕಾಶವಿದೆ. ಗಡಿ ದಾಟಿದರೆ ಪೂರ್ತಿ ನೋಂದಣಿ ಬೇಕು. ಆಟಿಕೆಗಳಿಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ, ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಆ ಗುರುತಿನ ಚೀಟಿಯ ಪ್ರತಿಯನ್ನು ಲಿಸ್ಟಿಂಗ್ ಮಾಡುವಾಗ ಅಪ್‌ಲೋಡ್ ಮಾಡಿದೆವು.

ಇಷ್ಟಾದ ಮೇಲೆ ಉಳಿದದ್ದು ವಾಪಸಿನ ಸಮಸ್ಯೆ. ಒಂದು ರೈಲು ವಾಪಸ್ ಬಂದರೆ ಗಿರಾಕಿಗೆ ಪೂರ್ತಿ ಹಣ ಹೋಗುತ್ತದೆ, ಕಮಿಷನ್ ಮತ್ತು ನಿಗದಿ ಶುಲ್ಕ ನಮಗೆ ಮರಳುತ್ತದೆ, ಸಾಗಣೆ ಮಾತ್ರ ಮರಳುವುದಿಲ್ಲ. ಹೋಗುವಾಗ 75, ಬರುವಾಗ 90, ತೆರಿಗೆ ಸೇರಿ 195. ಹರಿದ ಪೆಟ್ಟಿಗೆಯ 25 ಸೇರಿಸಿದರೆ 220. ಗೊಂಬೆ ಚೆನ್ನಾಗಿ ಬಂದರೂ ಇದು ಹೆಚ್ಚುಕಡಿಮೆ ಎರಡು ರೈಲಿನ ಲಾಭ. ಮುರಿದು ಬಂದರೆ ನಷ್ಟ 480, ಸುಮಾರು ನಾಲ್ಕು ರೈಲಿನ ಲಾಭ.

ಹದಿನಾಲ್ಕರಲ್ಲಿ ನಾಲ್ಕು ವಾಪಸಾಗಿದ್ದವು. ಗಿರಾಕಿಗಳು ಬರೆದ ಕಾರಣ ಓದಿದೆವು: ಇಬ್ಬರು "ಇಷ್ಟು ಚಿಕ್ಕದು ಅಂದ್ಕೊಂಡಿರಲಿಲ್ಲ", ಒಬ್ಬರು "ಬಣ್ಣ ಬೇರೆ", ಒಬ್ಬರು "ಮೇಲೆಲ್ಲಾ ಗುಳ್ಳೆ ಗುರುತು". ಮೊದಲ ಮೂರೂ ಫೋಟೋದ ತಪ್ಪು. ಹಳೆಯ ಫೋಟೋ ರಾತ್ರಿ ಹಳದಿ ಬಲ್ಬಿನಡಿ ಫ್ಲ್ಯಾಶ್ ಹಾಕಿ ತೆಗೆದದ್ದು. ಅರಗಿನ ಮೈ ಕನ್ನಡಿಯ ಹಾಗೆ. ಫ್ಲ್ಯಾಶ್ ಬಿದ್ದ ಕಡೆ ಬಿಳಿ ಚುಕ್ಕೆ, ಮಿಕ್ಕ ಕಡೆ ಹಳದಿ ಛಾಯೆ. ಕೆಂಪು ಎಂಜಿನ್ ಕಿತ್ತಳೆಯಾಗಿ ಕಂಡಿತ್ತು.

ನಾವು ಹಗಲಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಟೇಬಲ್ ಎಳೆದುಕೊಂಡು, ಬಿಳಿ ಚಾರ್ಟ್ ಹಾಳೆಯನ್ನು ಗೋಡೆಯಿಂದ ಟೇಬಲಿಗೆ ಮಡಿಕೆ ಬೀಳದಂತೆ ಬಾಗಿಸಿ ಹಾಸಿದೆವು. ಕಿಟಕಿಯ ಎದುರು ಬದಿಗೆ ಥರ್ಮಾಕೋಲ್ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಫೋನಿನಲ್ಲಿ ಬಿಳಿಬಣ್ಣದ ಸಮತೋಲನವನ್ನು ಆ ಹಾಳೆಗೆ ಹೊಂದಿಸಿ, ಜೂಮ್ ಮಾಡದೆ ಸ್ವಲ್ಪ ದೂರದಿಂದ ತೆಗೆದೆವು. ಮೊದಲ ಚಿತ್ರ ಬಿಳಿ ಹಿನ್ನೆಲೆಯಲ್ಲಿ ರೈಲು ಮಾತ್ರ. ಎರಡನೆಯದು ದೊಡ್ಡವರ ಅಂಗೈ ಮೇಲಿಟ್ಟ ಎಂಜಿನ್. ಗಾತ್ರ ಅಳತೆಪಟ್ಟಿಗಿಂತ ಅದರಲ್ಲೇ ಬೇಗ ತಲೆಗೆ ಹೋಗುತ್ತದೆ. ಮೂರನೆಯದು ಎರಡು ಬೇರೆ ದಿನ ಮಾಡಿದ ಎಂಜಿನ್‌ಗಳು ಅಕ್ಕಪಕ್ಕ, ಬಣ್ಣ ಎಷ್ಟು ಹೆಚ್ಚುಕಡಿಮೆ ಆಗುತ್ತೆ ಅಂತ ತೋರಿಸಲು. ಮಾವನಿಗೆ ಇದು ಇಷ್ಟವಾಗಲಿಲ್ಲ. "ನಮ್ಮ ಐಬು ನಾವೇ ತೋರ್ಸೋದಾ?" ಅಂದರು. ನಾವು 220ರ ಲೆಕ್ಕ ತೋರಿಸಿದೆವು. ಫಿಲ್ಟರ್ ಹಾಕಿ ಬಣ್ಣ ಮಿನುಗಿಸುವ ಆಸೆ ನಮಗೂ ಆಯಿತು, ಬಿಟ್ಟೆವು.

ಗುಳ್ಳೆ ಗುರುತಿನ ಕತೆ ಬೇರೆ. ಅರಗು ಕಾವಿಗೆ ಮೆತ್ತಗಾಗುವ ವಸ್ತು. ಬಬಲ್ ಶೀಟನ್ನು ನೇರ ಮೈಗೆ ಬಿಗಿಯಾಗಿ ಸುತ್ತಿದ ಗೊಂಬೆ ಬಿಸಿಲಲ್ಲಿ ನಿಂತ ವ್ಯಾನಿನಲ್ಲಿ ಕೂತರೆ ಗುಳ್ಳೆಗಳ ಅಚ್ಚು ಹೊಳಪಿನ ಮೇಲೆ ಮೂಡುತ್ತದೆ. ಈಗ ಮೊದಲು ಬಟರ್ ಪೇಪರ್, ಆಮೇಲೆ ಗುಳ್ಳೆ ಹೊರಮುಖವಾಗಿ ಸಡಿಲ ಸುತ್ತು. ಹೊಸ ಪೆಟ್ಟಿಗೆಯನ್ನು ಸೊಂಟದೆತ್ತರದಿಂದ ಆರೂ ಮುಖ, ಒಂದು ಮೂಲೆ ನೆಲಕ್ಕೆ ತಾಗುವಂತೆ ಬೀಳಿಸಿ ನೋಡಿದೆವು. ಮೂಲೆಯ ಮೇಲೆ ಬಿದ್ದಾಗ ಡಬ್ಬಿಗಳ ನಡುವಿನ ಕೊಂಡಿ ಪಟ್ಟಂತ ಮುರಿಯಿತು. ಮೂರು ಡಬ್ಬಿ ಒಂದನ್ನೊಂದು ಗುದ್ದಿದ್ದೇ ಕಾರಣ. ಕೊಂಡಿ ಬಿಚ್ಚಿಟ್ಟು ನಡುವೆ ರಟ್ಟಿನ ಅಡ್ಡಪಟ್ಟಿ ಕೊಟ್ಟ ಮೇಲೆ ಮತ್ತೆ ಬೀಳಿಸಿದೆವು, ಏನೂ ಆಗಲಿಲ್ಲ.

ವಾಪಸ್ ಬಂದ ಪೆಟ್ಟಿಗೆಯನ್ನು ಮಾವ ಈಗ ಒಬ್ಬರೇ ಬಿಚ್ಚುವುದಿಲ್ಲ. ಮಗಳು ಫೋನ್ ಹಿಡಿಯುತ್ತಾಳೆ, ಚೀಟಿಯಿಂದ ಶುರುವಾಗಿ ಗೊಂಬೆ ಹೊರಬರುವವರೆಗೆ ಒಂದೇ ಓಟದ ವಿಡಿಯೋ. ಹೋದ ತಿಂಗಳು ಒಂದರಲ್ಲಿ ರೈಲಿನ ಬದಲು ಪ್ಲಾಸ್ಟಿಕ್ ಕಾರು ಬಂದಿತ್ತು. ಗಡುವಿನೊಳಗೆ ವಿಡಿಯೋ ಕಳಿಸಿದ್ದಕ್ಕೆ ಗೊಂಬೆಯ ದುಡ್ಡು ಬಂತು, ಸಾಗಣೆಯದು ಬರಲಿಲ್ಲ. ಕಾರು ಇನ್ನೂ ಲೇತಿನ ಪಕ್ಕದ ಗೂಡಿನಲ್ಲಿದೆ.