ಪರದೆಯ ನೀಲಿ ಕಾಗದದಲ್ಲಿ ನೇರಳೆಯಾಗುವುದೇಕೆ?

ಕಂಪ್ಯೂಟರಿನಲ್ಲಿ ನೋಡಿ ಮನೆಮಂದಿಯೆಲ್ಲ ಒಪ್ಪಿದ ಲಗ್ನಪತ್ರಿಕೆ. ಕಡುನೀಲಿ ಹಿನ್ನೆಲೆ, ಗಿಳಿಹಸಿರು ಅಂಚು, ಹಳದಿ ಕೆಂಪು ಹೂಗಳು. ಪ್ರೆಸ್ಸಿನಿಂದ ಕಟ್ಟು ಬಂದಾಗ ಹೂಗಳು ಸರಿಯಾಗಿವೆ, ಆದರೆ ನೀಲಿ ನೇರಳೆಗೆ ತಿರುಗಿದೆ, ಹಸಿರು ಮಂಕಾಗಿದೆ. ಇಂಥ ಹೊತ್ತಿನಲ್ಲಿ ಬೈಗುಳ ತಿನ್ನುವವರು ಸಾಮಾನ್ಯವಾಗಿ ಪ್ರೆಸ್ಸಿನವರು. ಯಂತ್ರದಲ್ಲಿ, ಇಂಕಿನಲ್ಲಿ ದೋಷವಿಲ್ಲದಿದ್ದರೂ ಹೀಗಾಗುತ್ತದೆ. ಆರ್‌ಜಿಬಿಯಲ್ಲಿ ಮಾಡಿದ ವಿನ್ಯಾಸವನ್ನು ಸಿಎಂವೈಕೆಗೆ ಬದಲಿಸುವಾಗ ಯಾರೂ ಕಣ್ಣಿಟ್ಟು ನೋಡಿರುವುದಿಲ್ಲ, ಅಷ್ಟೆ.

ಪರದೆ ತಾನೇ ಬೆಳಕು ಬೀರುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳನ್ನು 0ಯಿಂದ 255ರವರೆಗೆ ಏರಿಸಿ ಇಳಿಸಿ ಎಲ್ಲ ಬಣ್ಣಗಳನ್ನೂ ತೋರಿಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಇಂಕು ಒಂದಷ್ಟನ್ನು ನುಂಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಸಯಾನ್ ಇಂಕು ಕೆಂಪನ್ನು ನುಂಗಬೇಕು, ಮೆಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಈ ಮೂರನ್ನೂ ಬೆರೆಸಿದರೆ ಸಿಗುವುದು ಕೆಸರಿನಂಥ ಕಂದು. ಆದ್ದರಿಂದ ನಾಲ್ಕನೆಯದಾಗಿ ಕಪ್ಪು ಇಂಕು ಬೇಕಾಯಿತು.

ತೊಂದರೆಯೆಂದರೆ, ಯಾವ ಇಂಕೂ ತನ್ನ ಪಾಲಿನ ಬೆಳಕನ್ನು ಮಾತ್ರ ನುಂಗಿ ಸುಮ್ಮನಿರುವುದಿಲ್ಲ. ಮುದ್ರಣದಲ್ಲಿ ನೀಲಿ ಬರುವುದು ಸಯಾನ್ ಮತ್ತು ಮೆಜೆಂಟಾ ಒಂದರ ಮೇಲೊಂದು ಬಿದ್ದಾಗ. ಆದರೆ ಮೆಜೆಂಟಾ ಹಸಿರಿನ ಜೊತೆಗೆ ನೀಲಿಯನ್ನೂ ಸಾಕಷ್ಟು ನುಂಗುತ್ತದೆ. ಉಳಿಯಬೇಕಾಗಿದ್ದ ನೀಲಿಯೇ ಸೊರಗಿ, ಮೆಜೆಂಟಾದ ಕೆಂಪು ಛಾಯೆ ಮೇಲೇಳುತ್ತದೆ. ಕಣ್ಣಿಗೆ ಅದು ನೇರಳೆ.

ನಮ್ಮ ಲಗ್ನಪತ್ರಿಕೆಯ ಹಿನ್ನೆಲೆ ಪರದೆಯ ಅಪ್ಪಟ ನೀಲಿ ಎಂದುಕೊಳ್ಳೋಣ: ಕೆಂಪು 0, ಹಸಿರು 0, ನೀಲಿ 255. ಫೋಟೋಶಾಪ್‌ನಲ್ಲಿ ಬಹಳ ಕಾಲದಿಂದ ರೂಢಿಯಲ್ಲಿರುವ U.S. Web Coated (SWOP) v2 ಪ್ರೊಫೈಲಿಗೆ ಬದಲಿಸಿದರೆ ಅದು ಸುಮಾರು ಸಯಾನ್ 88, ಮೆಜೆಂಟಾ 77 ಆಗುತ್ತದೆ. ಎರಡರ ನಡುವಿನ ಅಂತರ ಬರೀ 11. ಅನುಭವಸ್ಥ ಡಿಟಿಪಿಯವರು ಮೆಜೆಂಟಾವನ್ನು ಸಯಾನ್‌ಗಿಂತ 30ರಷ್ಟಾದರೂ ಕೆಳಗಿಡುತ್ತಾರೆ. ಸಯಾನ್ 100, ಮೆಜೆಂಟಾ 65 ಎಂದು ಕೈಯಾರೆ ತಿದ್ದಿದರೆ ಪರದೆಯ ಹೊಳಪು ಮರಳುವುದಿಲ್ಲ, ಆದರೆ ಅಚ್ಚಾದದ್ದನ್ನು ನೀಲಿಯೆಂದು ಯಾರೂ ಒಪ್ಪುತ್ತಾರೆ.

ಗಿಳಿಹಸಿರಿಗೆ ಇಷ್ಟು ಸುಲಭದ ಮದ್ದಿಲ್ಲ. ಹಸಿರು 255 ಇರುವ ಬಣ್ಣ ಅದೇ ಪ್ರೊಫೈಲಿನಲ್ಲಿ ಸಯಾನ್ 63, ಹಳದಿ 100 ಆಗುತ್ತದೆ. ಅಲ್ಲಿಂದ ಸಯಾನ್ ಏರಿಸಿದರೆ ಕಪ್ಪಡರುತ್ತದೆ, ಇಳಿಸಿದರೆ ಹಳದಿಯತ್ತ ಜಾರುತ್ತದೆ. ಕಣ್ಣು ಕುಕ್ಕುವ ಗುಲಾಬಿ, ಮಿಂಚುವ ಕಿತ್ತಳೆಗಳ ಪಾಡೂ ಇದೇ. ಅವು ಬೇಕೇ ಬೇಕೆಂದರೆ ಐದನೆಯ ಪ್ಲೇಟು ಹಾಕಿಸಿ, ಸಿದ್ಧವಾಗಿ ಬೆರೆಸಿದ ವಿಶೇಷ ಇಂಕು ಬಳಸಬೇಕು, ಖರ್ಚು ಏರುತ್ತದೆ. ಲಗ್ನಪತ್ರಿಕೆಗಾದರೆ ವಿನ್ಯಾಸದ ಹಂತದಲ್ಲೇ ಬೇರೆ ಹಸಿರು ಆರಿಸಿಕೊಳ್ಳುವುದು ಮೇಲು.

ಹೂಗಳು ಹೆಚ್ಚು ಬದಲಾಗದಿರುವುದಕ್ಕೂ ಕಾರಣವಿದೆ. ಹಳದಿ ಸ್ವತಃ ಒಂದು ಇಂಕು. ಕೆಂಪು, ಮೆಜೆಂಟಾ ಮತ್ತು ಹಳದಿ ಸೇರಿ ಆದದ್ದು. ಮೆಜೆಂಟಾ ನೀಲಿಯನ್ನು ನುಂಗಿದರೂ ಇಲ್ಲಿ ನಷ್ಟವಿಲ್ಲ, ಕೆಂಪಿನಲ್ಲಿ ನೀಲಿ ಇರಬಾರದು ತಾನೇ? ಕನ್ನಡ ಬಾವುಟದ ಅರಿಶಿನ ಕುಂಕುಮದ ಬಣ್ಣಗಳು ಕಾಗದದಲ್ಲಿ ಚೆನ್ನಾಗಿ ಮೂಡುವುದು ಇದರಿಂದಲೇ. ಕಂದು, ಮಣ್ಣಿನ ಬಣ್ಣಗಳು, ಮೈಬಣ್ಣಗಳೂ ಹೆಚ್ಚು ಕಾಡುವುದಿಲ್ಲ.

ಬದಲಿಸುವ ಮುನ್ನ ಪ್ರೆಸ್ಸಿನವರಿಂದ ಕೇಳಿ ತಿಳಿಯಬೇಕಾದದ್ದು, ಯಾವ ಪ್ರೊಫೈಲು, ಯಾವ ಕಾಗದ ಎಂಬುದು. ಇಂಕನ್ನು ಹೀರಿಕೊಳ್ಳುವ ಮ್ಯಾಪ್‌ಲಿಥೋದಲ್ಲಿ ಬಣ್ಣ ಆರ್ಟ್ ಪೇಪರಿಗಿಂತ ಇನ್ನಷ್ಟು ಮಂಕು. ಆ ಪ್ರೊಫೈಲನ್ನು `Proof Setup`ನಲ್ಲಿ ಕೊಟ್ಟು `Proof Colors` ಆನ್ ಮಾಡಿದರೆ ಕಾಗದದ ಮೇಲೆ ಹೇಗೆ ಕಾಣಬಹುದೆಂಬ ಅಂದಾಜು ಪರದೆಯಲ್ಲೇ ಸಿಗುತ್ತದೆ. `Gamut Warning` ಒತ್ತಿದರೆ ಇಂಕಿಗೆ ಎಟುಕದ ಜಾಗಗಳೆಲ್ಲ ಬೂದು ಬಣ್ಣಕ್ಕೆ ತಿರುಗುತ್ತವೆ. ತಿದ್ದಿದ ಮೇಲೆ `Convert to Profile`. ಇದನ್ನು ಮಾಡಬೇಕಾದದ್ದು ಕಡತದ ಪ್ರತಿಯ ಮೇಲೆ. ಒಮ್ಮೆ ಕಳೆದ ಹೊಳಪು, ಮತ್ತೆ ಆರ್‌ಜಿಬಿಗೆ ಬದಲಿಸಿದರೂ ಹಿಂದಿರುಗುವುದಿಲ್ಲ.

ಕಪ್ಪು ಅಕ್ಷರಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು, ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಆರ್‌ಜಿಬಿಯ ಕಪ್ಪು ಅದೇ ಪ್ರೊಫೈಲಿನಲ್ಲಿ ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗಿಬಿಡುತ್ತದೆ. ಅಂದರೆ ಮುಹೂರ್ತದ ಸಾಲು ನಾಲ್ಕೂ ಪ್ಲೇಟುಗಳ ಮೇಲೆ ಹಂಚಿಹೋಗುತ್ತದೆ. ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಸಣ್ಣ ಸುಳಿಗಳ ಸುತ್ತ ಬಣ್ಣದ ಅಂಚು ಕಾಣುತ್ತದೆ, ಓದಲು ಕಷ್ಟ. ಅಕ್ಷರಗಳನ್ನು ಚಿತ್ರದೊಳಗೆ ಸೇರಿಸದೆ ಬೇರೆಯಾಗಿಟ್ಟು, ಕಪ್ಪು 100, ಉಳಿದ ಮೂರೂ 0 ಎಂದು ಕೊಡಬೇಕು.

ಎಲ್ಲ ಕಡೆಯೂ ನಾವೇ ಬದಲಿಸಿ ಕೊಡಬೇಕೆಂದೇನಿಲ್ಲ. ಕೆಲವು ಡಿಜಿಟಲ್ ಮತ್ತು ಫ್ಲೆಕ್ಸ್ ಮುದ್ರಣದವರು ಆರ್‌ಜಿಬಿ ಕಡತವನ್ನೇ ಕೇಳುತ್ತಾರೆ, ಅವರ ಯಂತ್ರದ ತಂತ್ರಾಂಶ ತನ್ನ ಇಂಕಿಗೆ ತಕ್ಕಂತೆ ಬದಲಿಸಿಕೊಳ್ಳುತ್ತದೆ. ಯಾವುದೇ ಆಗಲಿ, ಪೂರ್ತಿ ಅಚ್ಚು ಹಾಕಿಸುವ ಮುನ್ನ ಅದೇ ಕಾಗದದ ಮೇಲೆ ಒಂದು ಪ್ರೂಫ್ ತೆಗೆಸಿ, ಟ್ಯೂಬ್‌ಲೈಟಿನ ಕೆಳಗಲ್ಲ, ಹಗಲು ಬೆಳಕಿನಲ್ಲಿ ಹಿಡಿದು ನೀಲಿಯನ್ನೂ ಹಸಿರನ್ನೂ ನೋಡಿ ಒಪ್ಪಿಗೆ ಕೊಡಿ.